ಬಡ್ಡಿ ಲೆಕ್ಕ: ಸೂತ್ರಕ್ಕಿಂತ ಮೊದಲು ವರ್ಷವಾರು ಪಟ್ಟಿ

12,500 ರೂಪಾಯಿಯನ್ನು ವರ್ಷಕ್ಕೆ ಶೇಕಡಾ 8ರ ದರದಲ್ಲಿ ಮೂರು ವರ್ಷ ಇಟ್ಟರೆ ಎಷ್ಟಾಗುತ್ತದೆ? ಈ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡೂ ಸರಿ. ಸರಳ ಬಡ್ಡಿಯಾದರೆ 15,500 ರೂಪಾಯಿ. ಚಕ್ರಬಡ್ಡಿಯಾದರೆ 15,746 ರೂಪಾಯಿ 40 ಪೈಸೆ. ನಡುವಿನ 246 ರೂಪಾಯಿ 40 ಪೈಸೆ ಎಲ್ಲಿಂದ ಬಂತು ಎಂದು ಪೈಸೆ ಸಮೇತ ಲೆಕ್ಕ ಒಪ್ಪಿಸಬಲ್ಲ ವಿದ್ಯಾರ್ಥಿಗೆ ಈ ಪಾಠದ ಉಳಿದ ಪ್ರಶ್ನೆಗಳು ಹೆಚ್ಚು ತೊಂದರೆ ಕೊಡುವುದಿಲ್ಲ. ಹಾಗಾಗಿ ಇಲ್ಲಿ ಹತ್ತಾರು ಬಗೆಯ ಲೆಕ್ಕಗಳನ್ನು ಬಿಡಿಸುವ ಬದಲು, ಬಹುಮಟ್ಟಿಗೆ ಇದೊಂದೇ ಲೆಕ್ಕವನ್ನು ಕೊನೆಯವರೆಗೂ ಹಿಡಿದು ಹೋಗೋಣ. ಪಕ್ಕದಲ್ಲಿ ಪೆನ್ನು, ಕಾಗದ ಇಟ್ಟುಕೊಳ್ಳಿ.

ಮೊದಲು ಸರಳ ಬಡ್ಡಿ

ಸಾಲ ಕೊಟ್ಟ ಅಥವಾ ಠೇವಣಿ ಇಟ್ಟ ಹಣ ಅಸಲು. ಸೂತ್ರದಲ್ಲಿ ಅದನ್ನು P ಎಂದು ಬರೆಯುತ್ತೇವೆ. ಎಷ್ಟು ಕಾಲ ಎಂಬುದು ಅವಧಿ, ಅದು T. ನೂರು ರೂಪಾಯಿಗೆ ಒಂದು ವರ್ಷಕ್ಕೆ ಎಷ್ಟು ಬಡ್ಡಿ ಎಂಬುದು ದರ, ಅದು R. ಬರುವ ಬಡ್ಡಿ I. ಅಸಲು, ಬಡ್ಡಿ ಎರಡೂ ಸೇರಿದ್ದು ಮೊತ್ತ, ಅದು A.

I = (P × T × R) / 100
A = P + I

ಸೂತ್ರದ ಕೆಳಗಿರುವ ಆ 100 ಏಕೆ ಬಂತು ಎಂದು ಕೇಳಿದರೆ ಅನೇಕ ಮಕ್ಕಳು ಸುಮ್ಮನಾಗುತ್ತಾರೆ. ಉತ್ತರ ಸರಳ. ದರವನ್ನು ಹೇಳಿರುವುದು ನೂರು ರೂಪಾಯಿಗೆ. ಆದ್ದರಿಂದ ನಮ್ಮ ಅಸಲಿನಲ್ಲಿ ಎಷ್ಟು ನೂರುಗಳಿವೆ ಎಂದು ಮೊದಲು ತಿಳಿಯಬೇಕು. 12,500ರಲ್ಲಿ 125 ನೂರುಗಳಿವೆ. ಒಂದೊಂದು ನೂರಕ್ಕೂ ವರ್ಷಕ್ಕೆ 8 ರೂಪಾಯಿ. 125ನ್ನು 8ರಿಂದ ಗುಣಿಸಿದರೆ 1,000. ಮೂರು ವರ್ಷಕ್ಕೆ 3,000. ಸೂತ್ರ ಮಾಡುವುದೂ ಇಷ್ಟನ್ನೇ.

I = (12,500 × 3 × 8) / 100 = 3,000 ರೂ.
A = 12,500 + 3,000 = 15,500 ರೂ.

ವರ್ಷವಾರು ಬರೆದರೆ ಮೊದಲ ವರ್ಷ 1,000, ಎರಡನೇ ವರ್ಷ 1,000, ಮೂರನೇ ವರ್ಷ 1,000. ಬಡ್ಡಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಏಕೆಂದರೆ ಪ್ರತಿ ವರ್ಷವೂ ಲೆಕ್ಕ ಹಾಕುವುದು ಮೊದಲು ಇಟ್ಟ 12,500ರ ಮೇಲೆ ಮಾತ್ರ.

ಸರಳ ಬಡ್ಡಿಯಲ್ಲಿ ಎಡವುವ ಜಾಗ ಗುಣಾಕಾರವಲ್ಲ, ಅವಧಿ. ನಮ್ಮ ಹಳ್ಳಿಗಳಲ್ಲಿ, ಪೇಟೆಗಳಲ್ಲಿ ಕೈಸಾಲದ ಮಾತಾಡುವಾಗ ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎನ್ನುತ್ತಾರೆ. ಅದು ತಿಂಗಳ ಲೆಕ್ಕ, ವರ್ಷದ್ದಲ್ಲ. ವರ್ಷಕ್ಕೆ ಅದು ಶೇಕಡಾ 24 ಆಗುತ್ತದೆ. ನಮ್ಮ 12,500 ರೂಪಾಯಿಯನ್ನೇ ಈ ದರಕ್ಕೆ ತಂದರೆ ತಿಂಗಳಿಗೆ 250, ವರ್ಷಕ್ಕೆ 3,000 ರೂಪಾಯಿ ಬಡ್ಡಿ ಕಟ್ಟಬೇಕು. ಶೇಕಡಾ 8ರ ದರದಲ್ಲಿ ಮೂರು ವರ್ಷಕ್ಕೆ ಬಂದ ಬಡ್ಡಿ ಇಲ್ಲಿ ಒಂದೇ ವರ್ಷಕ್ಕೆ ಬಂತು. ‘ಎರಡು ರೂಪಾಯಿ’ ಎಂಬ ಮಾತು ಕಿವಿಗೆ ಸಣ್ಣದಾಗಿ ಕೇಳುವುದರಿಂದಲೇ ಇದನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಅಗತ್ಯ ಎಂದು ನನಗೆ ಅನ್ನಿಸುತ್ತದೆ.

ಇದೇ ಸಾಲವನ್ನು ಒಂಬತ್ತು ತಿಂಗಳಿಗೆ ತೀರಿಸಿದರೆ ಬಡ್ಡಿ ಎಷ್ಟು? ತಿಂಗಳ ದರದಲ್ಲೇ ಹೋಗುವುದಾದರೆ 250 × 9 = 2,250. ವರ್ಷದ ದರಕ್ಕೆ ತಿರುಗಿಸಿಕೊಂಡರೆ R ಜಾಗದಲ್ಲಿ 24, T ಜಾಗದಲ್ಲಿ 9/12. ಆಗಲೂ 2,250. ದರ ವರ್ಷದ್ದಾದರೆ ಅವಧಿಯೂ ವರ್ಷದಲ್ಲಿರಬೇಕು, ದರ ತಿಂಗಳದ್ದಾದರೆ ಅವಧಿಯೂ ತಿಂಗಳಲ್ಲಿರಬೇಕು. ಎರಡನ್ನೂ ಬೆರೆಸಿ R = 24, T = 9 ಎಂದು ಬರೆದವರಿಗೆ 27,000 ರೂಪಾಯಿ ಬಡ್ಡಿ ಬರುತ್ತದೆ, ಅಂದರೆ ಒಂಬತ್ತು ತಿಂಗಳಿಗೆ ಅಸಲಿನ ಎರಡು ಪಟ್ಟಿಗೂ ಹೆಚ್ಚು. R = 2, T = 9/12 ಎಂದು ಬರೆದವರಿಗೆ ಬರೀ 187 ರೂಪಾಯಿ 50 ಪೈಸೆ ಬರುತ್ತದೆ, ಅಂದರೆ ಒಂದು ತಿಂಗಳ ಬಡ್ಡಿಗಿಂತಲೂ ಕಡಿಮೆ. ಉತ್ತರವನ್ನು ಅಸಲಿನ ಪಕ್ಕ ಇಟ್ಟು ಒಮ್ಮೆ ನೋಡಿದರೆ ಎರಡೂ ತಪ್ಪು ಎಂದು ತಕ್ಷಣ ಗೊತ್ತಾಗುತ್ತದೆ.

ಚಕ್ರಬಡ್ಡಿಯ ಪಟ್ಟಿ

ಚಕ್ರಬಡ್ಡಿಯಲ್ಲಿ ನಿಯಮ ಒಂದೇ ಒಂದು ಕಡೆ ಬದಲಾಗುತ್ತದೆ. ವರ್ಷದ ಕೊನೆಗೆ ಬಂದ ಬಡ್ಡಿಯನ್ನು ಕೈಗೆ ತೆಗೆದುಕೊಳ್ಳುವುದಿಲ್ಲ, ಅದು ಅಸಲಿಗೆ ಸೇರುತ್ತದೆ. ಈ ವರ್ಷದ ಮೊತ್ತವೇ ಮುಂದಿನ ವರ್ಷದ ಅಸಲು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಸಾಲುಸಾಲಾಗಿ ಬರೆದು ನೋಡಬೇಕು.

ಮೊದಲ ವರ್ಷ
ಅಸಲು: 12,500.00
ಬಡ್ಡಿ: 12,500 × 8/100 = 1,000.00
ವರ್ಷದ ಕೊನೆಯ ಮೊತ್ತ: 13,500.00

ಎರಡನೇ ವರ್ಷ
ಅಸಲು: 13,500.00
ಬಡ್ಡಿ: 13,500 × 8/100 = 1,080.00
ವರ್ಷದ ಕೊನೆಯ ಮೊತ್ತ: 14,580.00

ಮೂರನೇ ವರ್ಷ
ಅಸಲು: 14,580.00
ಬಡ್ಡಿ: 14,580 × 8/100 = 1,166.40
ವರ್ಷದ ಕೊನೆಯ ಮೊತ್ತ: 15,746.40

ಒಟ್ಟು ಬಡ್ಡಿ = 15,746.40 − 12,500 = 3,246.40 ರೂ.

ಪಟ್ಟಿ ಬರೆಯುವಾಗ ಒಂದು ಮಾತು ನೆನಪಿರಲಿ. ಪ್ರತಿ ಸಾಲಿನಲ್ಲೂ ಹಾಕುವುದು ಒಂದೇ ವರ್ಷದ ಬಡ್ಡಿ. ಎರಡನೇ ವರ್ಷದ ಸಾಲಿನಲ್ಲಿ T = 2 ಎಂದು, ಮೂರನೆಯದರಲ್ಲಿ T = 3 ಎಂದು ಬರೆಯುವವರು ಸಾಕಷ್ಟು ಮಂದಿ ಇದ್ದಾರೆ. ಅದು ಕಳೆದ ವರ್ಷಗಳ ಬಡ್ಡಿಯನ್ನು ಮತ್ತೆ ಮತ್ತೆ ಎಣಿಸಿದಂತೆ. ಪ್ರತಿ ಸಾಲಿನಲ್ಲೂ T = 1.

ಪಟ್ಟಿ ಸರಿ ಇದೆಯೇ ಎಂದು ಪರೀಕ್ಷಿಸಲು ಬಡ್ಡಿಯ ಸಾಲನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ: 1,000, 1,080, 1,166.40. ಪ್ರತಿ ವರ್ಷದ ಬಡ್ಡಿ ಹಿಂದಿನ ವರ್ಷದ ಬಡ್ಡಿಗಿಂತ ಸರಿಯಾಗಿ ಶೇಕಡಾ 8 ಹೆಚ್ಚಿರಬೇಕು. 1,000ಕ್ಕೆ ಶೇಕಡಾ 8 ಎಂದರೆ 80, ಸೇರಿಸಿದರೆ 1,080. 1,080ಕ್ಕೆ ಶೇಕಡಾ 8 ಎಂದರೆ 86.40, ಸೇರಿಸಿದರೆ 1,166.40. ಹೊಂದಿಕೆಯಾಯಿತು. ಎಲ್ಲಾದರೂ ಈ ಹೆಚ್ಚಳ ತಪ್ಪಿದರೆ ಗುಣಾಕಾರವೋ ಕೂಡುವಿಕೆಯೋ ಆ ವರ್ಷದಲ್ಲೋ ಅದರ ಹಿಂದಿನ ವರ್ಷದಲ್ಲೋ ತಪ್ಪಿದೆ ಎಂದರ್ಥ. ಉತ್ತರಪತ್ರಿಕೆ ಒಪ್ಪಿಸುವ ಮೊದಲು ಅರ್ಧ ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು.

ಇನ್ನು ಆ 246 ರೂಪಾಯಿ 40 ಪೈಸೆಯ ಮೂಲಕ್ಕೆ ಬರೋಣ. ಮೂಲ ಅಸಲು 12,500 ಎರಡೂ ಪದ್ಧತಿಯಲ್ಲಿ ವರ್ಷಕ್ಕೆ 1,000 ತರುತ್ತದೆ. ಅದರಲ್ಲಿ ವ್ಯತ್ಯಾಸವಿಲ್ಲ. ಹೆಚ್ಚಿಗೆ ಬಂದದ್ದೆಲ್ಲ ಬಡ್ಡಿಯ ಮೇಲಿನ ಬಡ್ಡಿ. ಮೊದಲ ವರ್ಷದ 1,000 ರೂಪಾಯಿ ಬಡ್ಡಿ ಅಸಲಿಗೆ ಸೇರಿ ಎರಡನೇ ವರ್ಷ 80 ರೂಪಾಯಿ ತಂದಿತು. ಮೂರನೇ ವರ್ಷವೂ ಅದೇ ಸಾವಿರ ಇನ್ನೊಂದು 80 ತಂದಿತು. ಎರಡನೇ ವರ್ಷ ಮೂಲ ಅಸಲಿಗೆ ಬಂದ ಇನ್ನೊಂದು ಸಾವಿರ ಮೂರನೇ ವರ್ಷ 80 ತಂದಿತು. ಇಲ್ಲಿಗೆ 240. ಎರಡನೇ ವರ್ಷ ಹುಟ್ಟಿದ ಆ ಮೊದಲ 80 ರೂಪಾಯಿಯೂ ಸುಮ್ಮನಿರಲಿಲ್ಲ, ಮೂರನೇ ವರ್ಷ ಅದಕ್ಕೆ ಶೇಕಡಾ 8ರಂತೆ 6 ರೂಪಾಯಿ 40 ಪೈಸೆ ಬಂತು. ಎಲ್ಲ ಸೇರಿ 246.40. ಒಂದು ಪೈಸೆಯೂ ಆಚೀಚೆ ಇಲ್ಲ.

ಈ ವಿವರ ಪರೀಕ್ಷೆಯಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ‘ಎರಡು ವರ್ಷಕ್ಕೆ ಚಕ್ರಬಡ್ಡಿ ಮತ್ತು ಸರಳ ಬಡ್ಡಿಯ ವ್ಯತ್ಯಾಸ ಇಷ್ಟು, ಅಸಲು ಎಷ್ಟು?’ ಎಂದು ಕೇಳುತ್ತಾರಲ್ಲ, ಆ ವ್ಯತ್ಯಾಸ ಬೇರೇನೂ ಅಲ್ಲ, ಮೊದಲ ವರ್ಷದ ಬಡ್ಡಿಗೆ ಬಂದ ಒಂದು ವರ್ಷದ ಬಡ್ಡಿ. ದರ ಶೇಕಡಾ 8, ವ್ಯತ್ಯಾಸ 80 ರೂಪಾಯಿ ಎಂದು ಕೊಟ್ಟಿದ್ದಾರೆ ಎಂದುಕೊಳ್ಳಿ. ಯಾವ ಹಣಕ್ಕೆ ಶೇಕಡಾ 8ರಂತೆ 80 ಬಂತು? 1,000ಕ್ಕೆ. ಅದು ಮೊದಲ ವರ್ಷದ ಬಡ್ಡಿ. ಯಾವ ಅಸಲಿಗೆ ಶೇಕಡಾ 8ರಂತೆ 1,000 ಬಂತು? 12,500ಕ್ಕೆ. ಸೂತ್ರ ಬೇಕೆನ್ನುವವರು P × (R/100)² ಎಂದು ಬರೆದುಕೊಳ್ಳಬಹುದು, ಆದರೆ ಅದು ಎರಡು ವರ್ಷಕ್ಕೆ ಮಾತ್ರ. ಮೂರು ವರ್ಷದ ಪ್ರಶ್ನೆಗೆ ಇದನ್ನು ಹಾಕಿ ಅಂಕ ಕಳೆದುಕೊಳ್ಳಬೇಡಿ.

ಪಟ್ಟಿಯಿಂದ ಸೂತ್ರಕ್ಕೆ

ಪಟ್ಟಿಯಲ್ಲಿ ಪ್ರತಿ ವರ್ಷ ಮಾಡಿದ್ದು ಎರಡು ಕೆಲಸ: ಶೇಕಡಾ 8 ತೆಗೆದೆವು, ಅದನ್ನು ಅಸಲಿಗೆ ಕೂಡಿದೆವು. ಎರಡನ್ನೂ ಒಂದೇ ಹೆಜ್ಜೆಯಲ್ಲಿ ಮಾಡಬಹುದು. ನೂರು ರೂಪಾಯಿ ವರ್ಷದ ಕೊನೆಗೆ 108 ಆಗುತ್ತದೆ, ಆದ್ದರಿಂದ ಯಾವ ಅಸಲಾದರೂ ಅದನ್ನು 108/100ರಿಂದ ಗುಣಿಸಿದರೆ ವರ್ಷದ ಕೊನೆಯ ಮೊತ್ತ ಸಿಗುತ್ತದೆ. ಮೂರು ವರ್ಷವಾದರೆ ಮೂರು ಸಲ ಗುಣಿಸಬೇಕು. ಒಂದೇ ಸಂಖ್ಯೆಯಿಂದ ಮೂರು ಸಲ ಗುಣಿಸುವುದನ್ನು ಘಾತ 3 ಎಂದು ಬರೆಯುತ್ತೇವೆ. ಅಲ್ಲಿಗೆ ಸೂತ್ರ ಬಂತು:

A = P (1 + R/100)^n

ಇಲ್ಲಿ n ಎಂದರೆ ಬಡ್ಡಿ ಎಷ್ಟು ಸಲ ಅಸಲಿಗೆ ಸೇರಿತು ಎಂಬ ಎಣಿಕೆ. ವರ್ಷಕ್ಕೊಮ್ಮೆ ಸೇರುವಾಗ ಅದು ವರ್ಷಗಳ ಸಂಖ್ಯೆಯೇ ಆಗಿರುತ್ತದೆ. ಸೂತ್ರ ಕೊಡುವುದು ಮೊತ್ತವನ್ನು. ಬಡ್ಡಿ ಬೇಕಾದರೆ ಅಸಲನ್ನು ಕಳೆಯಬೇಕು. ಸರಳ ಬಡ್ಡಿಯ ಸೂತ್ರ ನೇರವಾಗಿ ಬಡ್ಡಿಯನ್ನೇ ಕೊಡುವುದರಿಂದ, ಅದೇ ಅಭ್ಯಾಸದಲ್ಲಿ ಇಲ್ಲಿ ಬಂದ ಮೊತ್ತವನ್ನೇ ‘ಚಕ್ರಬಡ್ಡಿ’ ಎಂದು ಬರೆದುಬಿಡುವುದು ತುಂಬ ಸಾಮಾನ್ಯ ತಪ್ಪು.

ಬಿಡಿಸುವಾಗ ದಶಮಾಂಶಕ್ಕಿಂತ ಭಿನ್ನರಾಶಿ ಒಳ್ಳೆಯದು. 108/100ನ್ನು ಮೊದಲು ಸಂಕ್ಷೇಪಿಸಿ: 27/25.

A = 12,500 × 27/25 × 27/25 × 27/25
25 × 25 × 25 = 15,625
27 × 27 × 27 = 19,683
12,500/15,625 = 4/5
A = 19,683 × 4/5 = 15,746.40 ರೂ.

ದಶಮಾಂಶದಲ್ಲಿ ಮಾಡಿದರೆ 1.08ರ ಘನ 1.259712. ಕೈ ಸೋತು ಅದನ್ನು 1.26 ಎಂದು ಮೊಟಕು ಮಾಡಿದರೆ ಉತ್ತರ 15,750 ಬರುತ್ತದೆ, ಮೂರು ರೂಪಾಯಿ 60 ಪೈಸೆ ಹೆಚ್ಚು. ಮೊಟಕು ಮಾಡುವುದಿದ್ದರೆ ಕೊನೆಯ ಸಾಲಿನಲ್ಲಿ, ಪೈಸೆಗೆ ಬಂದ ಮೇಲೆ ಮಾಡಿ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು: ಘಾತ 3 ಎಂಬುದನ್ನು 3ರಿಂದ ಗುಣಿಸು ಎಂದು ಓದುವುದು. ಆಗ 1.08 × 3 = 3.24, ಮೊತ್ತ 40,500. ಶೇಕಡಾ 8ರ ದರದಲ್ಲಿ ಮೂರು ವರ್ಷಕ್ಕೆ ಹಣ ಮೂರು ಪಟ್ಟಾಗುವುದು ಸಾಧ್ಯವೇ ಇಲ್ಲ. ಇದೇ ದರದಲ್ಲಿ ಹಣ ಎರಡು ಪಟ್ಟಾಗಲು ಸರಳ ಬಡ್ಡಿಯಲ್ಲಿ ಹನ್ನೆರಡೂವರೆ ವರ್ಷ ಬೇಕು. ಚಕ್ರಬಡ್ಡಿಯಲ್ಲಿ ಸುಮಾರು ಒಂಬತ್ತು ವರ್ಷ, ಒಂಬತ್ತರ ಕೊನೆಗೆ 25,000ಕ್ಕೆ ಹನ್ನೆರಡು ರೂಪಾಯಿ ಚಿಲ್ಲರೆ ಕಡಿಮೆ ಇರುತ್ತದೆ. 72ನ್ನು ದರದಿಂದ ಭಾಗಿಸಿದರೆ ಚಕ್ರಬಡ್ಡಿಯಲ್ಲಿ ದುಪ್ಪಟ್ಟಾಗುವ ವರ್ಷಗಳು ಹತ್ತಿರ ಹತ್ತಿರ ಸಿಗುತ್ತವೆ. ಇದು ಅಂದಾಜಿಗೆ ಮಾತ್ರ, ಉತ್ತರವಾಗಿ ಬರೆಯುವುದಕ್ಕಲ್ಲ.

ಆರು ತಿಂಗಳಿಗೊಮ್ಮೆ ಸೇರಿದರೆ

ಬಡ್ಡಿ ವರ್ಷಕ್ಕೊಮ್ಮೆಯೇ ಅಸಲಿಗೆ ಸೇರಬೇಕೆಂದಿಲ್ಲ. ಅರ್ಧ ವರ್ಷಕ್ಕೊಮ್ಮೆ ಸೇರುತ್ತದೆ ಎಂದಿದ್ದರೆ ಪಟ್ಟಿಯ ಒಂದು ಸಾಲು ಆರು ತಿಂಗಳದ್ದಾಗುತ್ತದೆ. ವರ್ಷಕ್ಕೆ ಶೇಕಡಾ 8 ಎಂದರೆ ಆರು ತಿಂಗಳಿಗೆ ಶೇಕಡಾ 4. ದರ ಅರ್ಧವಾಗುತ್ತದೆ, ಸಾಲುಗಳು ಎರಡರಷ್ಟಾಗುತ್ತವೆ. ನಮ್ಮ 12,500ಕ್ಕೆ ಒಂದು ವರ್ಷದ ಲೆಕ್ಕ ಹೀಗೆ:

ಮೊದಲ ಆರು ತಿಂಗಳು: 12,500 × 4/100 = 500, ಮೊತ್ತ 13,000
ಎರಡನೇ ಆರು ತಿಂಗಳು: 13,000 × 4/100 = 520, ಮೊತ್ತ 13,520

ವರ್ಷಕ್ಕೊಮ್ಮೆ ಸೇರಿದಾಗ 13,500 ಇತ್ತು, ಈಗ 20 ರೂಪಾಯಿ ಹೆಚ್ಚು. ಮೊದಲ ಆರು ತಿಂಗಳ 500 ರೂಪಾಯಿ ಬಡ್ಡಿಗೆ ಮುಂದಿನ ಆರು ತಿಂಗಳಲ್ಲಿ ಶೇಕಡಾ 4ರಂತೆ ಬಂದದ್ದೇ ಆ 20. ಮೂರು ತಿಂಗಳಿಗೊಮ್ಮೆ ಸೇರಿದರೆ ಶೇಕಡಾ 2ರಂತೆ ನಾಲ್ಕು ಸಾಲು, ವರ್ಷದ ಕೊನೆಗೆ 13,530 ರೂಪಾಯಿ 40 ಪೈಸೆ. ಕೊನೆಗೆ ಒಟ್ಟಿಗೆ ಹಣ ಪಡೆಯುವ ನಿಶ್ಚಿತ ಠೇವಣಿಗಳಿಗೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಅನುಸರಿಸುವುದು ಈ ತ್ರೈಮಾಸಿಕ ಲೆಕ್ಕವನ್ನೇ. ಮನೆಯಲ್ಲಿ ಅಂಥ ಠೇವಣಿ ರಸೀದಿ ಇದ್ದರೆ ಮಕ್ಕಳ ಕೈಗೆ ಕೊಟ್ಟು, ಅದರಲ್ಲಿ ಅಚ್ಚಾಗಿರುವ ಕೊನೆಯ ಮೊತ್ತ ಬರುತ್ತದೆಯೇ ನೋಡಲು ಹೇಳಿ. ಪುಸ್ತಕದ ಹಿಂದಿನ ಉತ್ತರಕ್ಕಿಂತ ಅದನ್ನು ಹೊಂದಿಸುವುದರಲ್ಲಿ ಅವರಿಗೆ ಹೆಚ್ಚು ಆಸಕ್ತಿ ಹುಟ್ಟುತ್ತದೆ.

ಇಲ್ಲೇ ಒಂದು ಪ್ರಶ್ನೆ ವಿದ್ಯಾರ್ಥಿಗಳನ್ನು ಸಿಕ್ಕಿಸುತ್ತದೆ: ಎರಡೂವರೆ ವರ್ಷ. ಬಡ್ಡಿ ವರ್ಷಕ್ಕೊಮ್ಮೆ ಸೇರುತ್ತದೆ ಎಂದಿದ್ದರೆ ಎರಡು ಪೂರ್ತಿ ವರ್ಷಗಳ ಪಟ್ಟಿ ಬರೆದು 14,580ಕ್ಕೆ ಬರಬೇಕು. ಉಳಿದ ಅರ್ಧ ವರ್ಷಕ್ಕೆ ಆ 14,580ರ ಮೇಲೆ ಸರಳ ಬಡ್ಡಿ ಹಾಕಬೇಕು.

14,580 × 1/2 × 8/100 = 583.20
ಮೊತ್ತ = 15,163.20 ರೂ.

ಆರು ತಿಂಗಳಿಗೊಮ್ಮೆ ಸೇರುತ್ತದೆ ಎಂದಿದ್ದರೆ ಶೇಕಡಾ 4ರಂತೆ ಐದು ಸಾಲು ಬರೆಯಬೇಕು. ಮೊತ್ತಗಳು ಕ್ರಮವಾಗಿ 13,000, 13,520, 14,060.80, 14,623.23, 15,208.16 ಬರುತ್ತವೆ. ಅಂತರ ಸುಮಾರು 45 ರೂಪಾಯಿ. ಅವಧಿಯಲ್ಲಿ ‘ಅರ್ಧ’ ಎಂಬ ಮಾತು ಕಂಡ ಕೂಡಲೇ ದರವನ್ನು ಅರ್ಧ ಮಾಡುವ ಮಕ್ಕಳಿದ್ದಾರೆ. ಅವಧಿ ಎಷ್ಟೇ ಇರಲಿ, ಬಡ್ಡಿ ಎಷ್ಟು ದಿನಕ್ಕೊಮ್ಮೆ ಅಸಲಿಗೆ ಸೇರುತ್ತದೆ ಎಂಬ ವಾಕ್ಯವನ್ನು ಪ್ರಶ್ನೆಯಲ್ಲಿ ಹುಡುಕಿ, ಅಡಿಗೆರೆ ಎಳೆಯಿರಿ. ಅಂಥ ವಾಕ್ಯವೇ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಎಂದು ತೆಗೆದುಕೊಳ್ಳಿ.

ಸೂತ್ರ ಕೈಕೊಡುವ ಕಡೆ

ನಾನು ಪಟ್ಟಿಯನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೂತ್ರ ನಡೆಯುವುದು ದರ ಬದಲಾಗದೆ, ನಡುವೆ ಯಾರೂ ಹಣ ಮುಟ್ಟದೆ ಇದ್ದಾಗ ಮಾತ್ರ. ನಿಜವಾದ ಸಾಲಗಳು ಹಾಗಿರುವುದು ಕಡಿಮೆ. ಮೊದಲ ವರ್ಷ ಶೇಕಡಾ 8, ಎರಡನೇ ವರ್ಷ ಶೇಕಡಾ 6 ಎಂದಾದರೆ ಪಟ್ಟಿಯಲ್ಲಿ ಎರಡನೇ ಸಾಲಿನ ದರ ಬದಲಿಸಿದರೆ ಮುಗಿಯಿತು: 13,500, ಆಮೇಲೆ 14,310. ಎರಡು ದರ ಕೂಡಿ ಶೇಕಡಾ 14 ಎಂದು ಲೆಕ್ಕ ಹಾಕಿದವರಿಗೆ 14,250 ಬರುತ್ತದೆ, 60 ರೂಪಾಯಿ ಕಡಿಮೆ.

ನಡುವೆ ಸ್ವಲ್ಪ ಸ್ವಲ್ಪ ತೀರಿಸಿದರೆ? ಒಬ್ಬ ರೈತರು 12,500 ರೂಪಾಯಿಯನ್ನು ಶೇಕಡಾ 8ರ ಚಕ್ರಬಡ್ಡಿಗೆ ಸಾಲ ತಂದಿದ್ದಾರೆ. ಮೊದಲ ವರ್ಷದ ಕೊನೆಗೆ 3,500, ಎರಡನೇ ವರ್ಷದ ಕೊನೆಗೆ 4,800 ಕಟ್ಟುತ್ತಾರೆ. ಮೂರನೇ ವರ್ಷದ ಕೊನೆಗೆ ಎಷ್ಟು ಕಟ್ಟಿದರೆ ಸಾಲ ತೀರುತ್ತದೆ?

ಮೊದಲ ವರ್ಷ: 12,500 + 1,000 = 13,500. ಕಟ್ಟಿದ್ದು 3,500. ಬಾಕಿ 10,000
ಎರಡನೇ ವರ್ಷ: 10,000 + 800 = 10,800. ಕಟ್ಟಿದ್ದು 4,800. ಬಾಕಿ 6,000
ಮೂರನೇ ವರ್ಷ: 6,000 + 480 = 6,480. ಇಷ್ಟನ್ನೂ ಕಟ್ಟಿದರೆ ಸಾಲ ಚುಕ್ತಾ

ಅವರು ಒಟ್ಟು ಕಟ್ಟಿದ್ದು 3,500 + 4,800 + 6,480 = 14,780. ಅದರಲ್ಲಿ ಬಡ್ಡಿ 2,280. ಬಡ್ಡಿಯ ಸಾಲುಗಳನ್ನೇ ಕೂಡಿ ನೋಡಿ: 1,000 + 800 + 480, ಅದೂ 2,280. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದದ್ದರಿಂದ ಪಟ್ಟಿಯಲ್ಲಿ ಕೂಡಿದ್ದು, ಕಳೆದದ್ದು ಸರಿ ಎಂದು ಧೈರ್ಯವಾಗಿ ಹೇಳಬಹುದು. ನಡುವೆ ಏನೂ ಕಟ್ಟದೆ ಬಿಟ್ಟಿದ್ದರೆ ಬಡ್ಡಿ 3,246.40 ಆಗುತ್ತಿತ್ತು. ಕಟ್ಟಿದ ಹಣವನ್ನು ಯಾವ ಘಟ್ಟದಲ್ಲಿ ಕಳೆಯಬೇಕು ಎಂಬುದು ಇಲ್ಲಿ ಮುಖ್ಯ. ವರ್ಷದ ಕೊನೆಗೆ ಕಟ್ಟಿದ್ದರಿಂದ ಮೊದಲು ಆ ವರ್ಷದ ಬಡ್ಡಿ ಕೂಡಿ, ಆಮೇಲೆ ಕಳೆಯಬೇಕು. ಮೊದಲೇ ಕಳೆದುಬಿಟ್ಟರೆ ಇಡೀ ವರ್ಷ ಬಳಸಿದ ಹಣಕ್ಕೆ ಬಡ್ಡಿಯೇ ಬೀಳದಂತಾಗುತ್ತದೆ.

ಬೆಲೆ ಇಳಿಯುವ ಲೆಕ್ಕಗಳಿಗೂ ಇದೇ ಪಟ್ಟಿ ಸಾಕು, ಕೂಡುವ ಕಡೆ ಕಳೆಯಬೇಕು ಅಷ್ಟೆ. 80,000 ರೂಪಾಯಿಯ ಬೈಕಿನ ಬೆಲೆ ವರ್ಷಕ್ಕೆ ಶೇಕಡಾ 10 ಇಳಿದರೆ ಮೊದಲ ವರ್ಷದ ಕೊನೆಗೆ 72,000, ಎರಡನೆಯದರ ಕೊನೆಗೆ 64,800. ಎರಡನೇ ವರ್ಷ ಇಳಿದದ್ದು 8,000 ಅಲ್ಲ, 7,200.

ಉತ್ತರದಿಂದ ಅಸಲಿಗೆ

ಮೊತ್ತ ಕೊಟ್ಟು ಅಸಲು ಕೇಳುವ ಪ್ರಶ್ನೆಗಳು ನಮ್ಮ ನಾಡಿನಲ್ಲಿ ಬಹಳ ಹಳೆಯವು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ ಬೆರೆತ ಮೊತ್ತದಿಂದ ಅವೆರಡನ್ನೂ ಬೇರ್ಪಡಿಸುವ ಲೆಕ್ಕಗಳಿವೆ. ಆ ಬಗೆಯ ಲೆಕ್ಕಕ್ಕೆ ಸುಲಭವಾದ ದಾರಿ ನೂರು ರೂಪಾಯಿಯನ್ನು ಹಿಡಿದು ಹೊರಡುವುದು.

ಶೇಕಡಾ 8ರ ಸರಳ ಬಡ್ಡಿಯಲ್ಲಿ ಮೂರು ವರ್ಷಕ್ಕೆ ಒಟ್ಟು 15,500 ಆಯಿತು, ಅಸಲು ಎಷ್ಟು? ನೂರು ರೂಪಾಯಿ ಮೂರು ವರ್ಷಕ್ಕೆ 124 ಆಗುತ್ತದೆ. 15,500ರಲ್ಲಿ 124 ಎಷ್ಟು ಸಲ ಇದೆ? 125 ಸಲ. ಆದ್ದರಿಂದ ಅಸಲು 125 ನೂರುಗಳು, 12,500. ಇಲ್ಲಿ 15,500ರ ಶೇಕಡಾ 24ನ್ನು ಕಳೆಯುವುದು ತಪ್ಪು. ಬಡ್ಡಿ ಬಂದದ್ದು ಅಸಲಿನ ಮೇಲೆ, ಮೊತ್ತದ ಮೇಲಲ್ಲ.

ಇನ್ನೊಂದು ಪ್ರಶ್ನೆ. ಚಕ್ರಬಡ್ಡಿಯಲ್ಲಿ ಒಂದು ಹಣ ಎರಡನೇ ವರ್ಷದ ಕೊನೆಗೆ 13,230, ಮೂರನೇ ವರ್ಷದ ಕೊನೆಗೆ 13,891.50 ಆಯಿತು. ದರ ಎಷ್ಟು, ಅಸಲು ಎಷ್ಟು? ಪಟ್ಟಿಯನ್ನು ಮನಸ್ಸಿಗೆ ತಂದುಕೊಳ್ಳಿ. 13,230 ಎಂಬುದು ಮೂರನೇ ವರ್ಷದ ಅಸಲು. ಮೂರನೇ ವರ್ಷದ ಬಡ್ಡಿ 13,891.50 − 13,230 = 661.50. 13,230ಕ್ಕೆ 661.50 ಎಂದರೆ ಶೇಕಡಾ 5. ಇನ್ನು ಹಿಂದಕ್ಕೆ ಹೋಗಲು ಪ್ರತಿ ವರ್ಷ 105/100ರಿಂದ ಭಾಗಿಸಬೇಕು. 13,230ನ್ನು 1.05ರಿಂದ ಭಾಗಿಸಿದರೆ 12,600, ಮತ್ತೊಮ್ಮೆ ಭಾಗಿಸಿದರೆ 12,000. ಇದೇ ಪ್ರಶ್ನೆ ಸರಳ ಬಡ್ಡಿಯಲ್ಲಿ ಬಂದರೆ ದಾರಿ ಬೇರೆ: 661.50ನ್ನು ಒಂದು ವರ್ಷದ ಬಡ್ಡಿ ಎಂದು ತೆಗೆದುಕೊಂಡು, ಎರಡು ವರ್ಷದ 1,323ನ್ನು 13,230ರಿಂದ ಕಳೆಯಬೇಕು, ಅಸಲು 11,907 ಬರುತ್ತದೆ. ಅಂಕಿಗಳು ಅವೇ ಇದ್ದರೂ ಅಸಲು ಬೇರೆ. ಪ್ರಶ್ನೆಯಲ್ಲಿ ಯಾವ ಬಡ್ಡಿ ಎಂದಿದೆ ಎಂಬುದನ್ನು ಓದದೆ ಮುಂದುವರಿಯಬಾರದು.

ಕೊನೆಗೆ ನೀವೇ ಮಾಡಿ ನೋಡಲು ಒಂದು ಲೆಕ್ಕ. ಅಸಲು 15,625 ರೂಪಾಯಿ, ದರ ವರ್ಷಕ್ಕೆ ಶೇಕಡಾ 4, ಅವಧಿ ಮೂರು ವರ್ಷ, ಬಡ್ಡಿ ವರ್ಷಕ್ಕೊಮ್ಮೆ ಅಸಲಿಗೆ ಸೇರುತ್ತದೆ. ಪಟ್ಟಿಯ ಯಾವ ಸಾಲಿನಲ್ಲೂ ಪೈಸೆ ಬರುವುದಿಲ್ಲ, ಬಂದರೆ ಆ ಸಾಲನ್ನು ಮತ್ತೆ ನೋಡಿ. ಮೊತ್ತ 17,500 ಬಂದರೆ ನೀವು ಹಾಕಿದ್ದು ಸರಳ ಬಡ್ಡಿ. ಚಕ್ರಬಡ್ಡಿ 17,576 ಎಂದು ಬರೆದಿದ್ದರೆ ಅಸಲು ಕಳೆಯುವುದನ್ನು ಮರೆತಿದ್ದೀರಿ. ಮೊತ್ತ 17,576, ಚಕ್ರಬಡ್ಡಿ 1,951, ಸರಳ ಬಡ್ಡಿಗಿಂತ ಹೆಚ್ಚು ಬಂದದ್ದು 76 ಎಂದಿದ್ದರೆ ಲೆಕ್ಕ ಸರಿ. ಆ 76 ಎಲ್ಲಿಂದ ಬಂತು ಎಂಬುದನ್ನೂ ಪಕ್ಕದಲ್ಲಿ ಬಿಡಿಸಿ ಬರೆಯಿರಿ.